ಅಕ್ಕಿ ಎಷ್ಟು, ಮೀನು ಎಷ್ಟು? ಘಾತ ರೂಪದ ತುಷ್ಟಿಗುಣದಿಂದ ಬೇಡಿಕೆ ತೆಗೆಯುವ ಲೆಕ್ಕ

ಮೊನ್ನೆ ಸಂಜೆ ನೆರೆಮನೆಯ ಹುಡುಗಿ ನೋಟ್‌ಬುಕ್ ಹಿಡಿದುಕೊಂಡು ನಮ್ಮ ಜಗಲಿಗೆ ಬಂದಳು. ಬಿ.ಎ. ಎಕನಾಮಿಕ್ಸ್, ಎರಡನೇ ವರ್ಷ. ಪ್ಲಸ್ ಟೂವರೆಗೆ ಕನ್ನಡದಲ್ಲೇ ಓದಿದವಳು, ಈಗ ಕಾಲೇಜಿನಲ್ಲಿ ಎಲ್ಲವೂ ಇಂಗ್ಲಿಷು, ಮಾತು ಮಲಯಾಳ. ಕಾಸರಗೋಡಿನ ನಮ್ಮ ಮಕ್ಕಳಿಗೆ ಇದು ಹೊಸತಲ್ಲ. "ಮಾಷ್ಟ್ರೇ, ಸೂತ್ರ ಗೊತ್ತುಂಟು. ಆದರೆ ಉತ್ತರ ತಪ್ಪು ಅಂತ ಹೇಳಿದ್ರು. ಎಲ್ಲಿ ತಪ್ಪಿದೆ ಅಂತಲೇ ಗೊತ್ತಾಗ್ತಾ ಇಲ್ಲ" ಅಂದಳು.

ಲೆಕ್ಕ ನೋಡಿದೆ. ಎರಡು ಸರಕು, `x` ಮತ್ತು `y`. ಅವುಗಳ ಬೆಲೆ ಕೊಟ್ಟಿದ್ದಾರೆ, ಕೈಯಲ್ಲಿರುವ ಹಣ ಕೊಟ್ಟಿದ್ದಾರೆ. ಅವುಗಳಿಂದ ಸಿಗುವ ತೃಪ್ತಿಯನ್ನು, ಅಂದರೆ ನಮ್ಮ ಪುಸ್ತಕಗಳಲ್ಲಿ ತುಷ್ಟಿಗುಣ ಅಂತ ಬರೆಯುವುದನ್ನು, ಒಂದು ಸೂತ್ರದಲ್ಲಿ ಕೊಟ್ಟಿದ್ದಾರೆ. ತೃಪ್ತಿ ಅತಿ ಹೆಚ್ಚು ಆಗಬೇಕಾದರೆ ಯಾವುದನ್ನು ಎಷ್ಟು ಕೊಳ್ಳಬೇಕು ಅನ್ನುವುದು ಪ್ರಶ್ನೆ.

`x`, `y` ಅಂತ ಇಟ್ಟುಕೊಂಡರೆ ಮನಸ್ಸಿಗೆ ಏನೂ ಹಿಡಿಯುವುದಿಲ್ಲ. ಹಾಗಾಗಿ `x` ಅಂದರೆ ಕುಚ್ಚಲಕ್ಕಿ, `y` ಅಂದರೆ ಮೀನು ಅಂತ ಮಾಡಿದೆವು, ಎರಡೂ ಕಿಲೋ ಲೆಕ್ಕದಲ್ಲಿ. ಕುಂಬಳೆ ಕಡೆಯ ಒಂದು ಮನೆ ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಈ ಎರಡಕ್ಕೆ ಅಂತ ತೆಗೆದಿಟ್ಟ ಹಣ 3000 ರೂಪಾಯಿ. ಅಕ್ಕಿ ಕಿಲೋಗೆ 50, ಮೀನು ಕಿಲೋಗೆ 200. ಬಂಗುಡೆಯೋ ಬೂತಾಯಿಯೋ, ಸದ್ಯಕ್ಕೆ ಒಂದೇ ಬೆಲೆ ಸಾಕು. ಇದು ಲೆಕ್ಕಕ್ಕಾಗಿ ಇಟ್ಟುಕೊಂಡ ಬೆಲೆ, ಮಾರ್ಕೆಟಿನ ರೇಟ್ ಅಲ್ಲ.

```
U = x^0.4 · y^0.2
50x + 200y = 3000
```

ಮೊದಲ ಸಾಲು ತೃಪ್ತಿ, ಎರಡನೆಯದು ಜೇಬು. ಅವಳ ಉತ್ತರ ಹೀಗಿತ್ತು: ಅಕ್ಕಿಯ ಘಾತ 0.4, ಹಾಗಾಗಿ 3000ದಲ್ಲಿ 0.4 ಭಾಗ, 1200 ರೂಪಾಯಿ, 24 ಕಿಲೋ ಅಕ್ಕಿ. ಮೀನಿನ ಘಾತ 0.2, ಹಾಗಾಗಿ 600 ರೂಪಾಯಿ, 3 ಕಿಲೋ ಮೀನು.

"ಒಟ್ಟು ಎಷ್ಟು ಖರ್ಚಾಯ್ತು?" ಅಂತ ಕೇಳಿದೆ. ಕೂಡಿಸಿದಳು. 1800. "ಹಾಗಾದರೆ 1200 ರೂಪಾಯಿ ಎಲ್ಲಿಗೆ ಹೋಯ್ತು?"

ಅಲ್ಲೇ ಅವಳಿಗೆ ಏನೋ ಸರಿಯಿಲ್ಲ ಅಂತ ಹೊಳೆಯಿತು. ಈ ಲೆಕ್ಕದಲ್ಲಿ ಉಳಿಸಿದ ಹಣಕ್ಕೆ ಬೆಲೆಯೇ ಇಲ್ಲ, ಯಾಕೆಂದರೆ ತೃಪ್ತಿಯ ಸೂತ್ರದಲ್ಲಿ ಅಕ್ಕಿ ಮತ್ತು ಮೀನು ಮಾತ್ರ ಇವೆ, ಹಣ ಇಲ್ಲ. ಅಕ್ಕಿ ಜಾಸ್ತಿಯಾದರೂ ತೃಪ್ತಿ ಏರುತ್ತದೆ, ಮೀನು ಜಾಸ್ತಿಯಾದರೂ ಏರುತ್ತದೆ. ಹಾಗಿರುವಾಗ ಹಣ ಉಳಿದಿದೆ ಅಂದರೆ ಇನ್ನೂ ಕೊಳ್ಳಬಹುದಿತ್ತು, ಅಂದರೆ ಗರಿಷ್ಠಕ್ಕೆ ಇನ್ನೂ ತಲುಪಿಲ್ಲ. ಬಂದ ಉತ್ತರವನ್ನು ಬಜೆಟ್ ಸಾಲಿಗೆ ಹಾಕಿ ನೋಡುವುದು ಒಂದು ನಿಮಿಷದ ಕೆಲಸ. ಪೂರ್ತಿ 3000 ಬರಲೇಬೇಕು.

ಸರಿಯಾದ ಉತ್ತರ 40 ಕಿಲೋ ಅಕ್ಕಿ, 5 ಕಿಲೋ ಮೀನು. ಅದು ಹೇಗೆ ಬಂತು ಅಂತ ನಿಧಾನಕ್ಕೆ ನೋಡೋಣ. ಸೂತ್ರ ಬಾಯಿಪಾಠ ಮಾಡಿದವರೇ ಇಲ್ಲಿ ಜಾಸ್ತಿ ಎಡವುತ್ತಾರೆ.

ಕ್ಯಾಲ್ಕುಲಸ್‌ಗೆ ಹೋಗುವ ಮೊದಲು ಕ್ಯಾಲ್ಕುಲೇಟರ್ ಹಿಡಿದು ಸುಮ್ನೆ ಪ್ರಯತ್ನ ಮಾಡಿದೆವು. ಹಣವನ್ನು ಅರ್ಧ ಅರ್ಧ ಮಾಡಿದರೆ? 1500ಕ್ಕೆ 30 ಕಿಲೋ ಅಕ್ಕಿ, ಇನ್ನು 1500ಕ್ಕೆ ಏಳೂವರೆ ಕಿಲೋ ಮೀನು. `U` ಸುಮಾರು 5.83 ಬಂತು. ಮೀನು ಸ್ವಲ್ಪ ಕಡಿಮೆ ಮಾಡಿ 36 ಕಿಲೋ ಅಕ್ಕಿ, 6 ಕಿಲೋ ಮೀನು ಅಂತ ಹಾಕಿದೆವು. ಸರಿಯಾಗಿ 6 ಬಂತು. 40 ಮತ್ತು 5 ಹಾಕಿದಾಗ ಸುಮಾರು 6.034. ಇನ್ನೂ ಅದೇ ದಿಕ್ಕಿಗೆ ಹೋಗಿ 44 ಮತ್ತು 4 ಹಾಕಿದರೆ 5.995, ಮತ್ತೆ ಇಳಿಯಿತು. ಈ ನಾಲ್ಕೂ ಬುಟ್ಟಿಗಳ ಖರ್ಚು ಸರಿಯಾಗಿ 3000 ಅನ್ನುವುದು ಮುಖ್ಯ. ಒಂದೇ ಹಣ, ಆದರೆ ತೃಪ್ತಿ ಬೇರೆ ಬೇರೆ. ಬಜೆಟ್ ರೇಖೆಯ ಮೇಲೆ ನಡೆಯುತ್ತಾ ಹೋದರೆ ತೃಪ್ತಿ ಮೊದಲು ಏರಿ, ಒಂದು ಕಡೆ ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ. ಆ ತುದಿಯನ್ನು ಹುಡುಕಬೇಕು, ಅಷ್ಟೇ.

ಈಗ 36 ಕಿಲೋ ಅಕ್ಕಿ, 6 ಕಿಲೋ ಮೀನು ಇರುವ ಬುಟ್ಟಿಯ ಹತ್ತಿರ ನಿಲ್ಲೋಣ. ಇಲ್ಲಿಂದ ಯಾವ ಕಡೆ ಹೋಗಬೇಕು ಅಂತ ಮುಂದೆ ಹೋಗದೆಯೇ ಹೇಳಬಹುದಾ? ಹೇಳಬಹುದು. ಅದಕ್ಕೇ ಡೆರಿವೇಟಿವ್ ಬೇಕಾಗುವುದು. ಮೀನು ಎಷ್ಟಿದೆಯೋ ಅಷ್ಟೇ ಇರಲಿ, ಅಕ್ಕಿ ಮಾತ್ರ ಚೂರು ಜಾಸ್ತಿಯಾದರೆ ತೃಪ್ತಿ ಎಷ್ಟು ಏರುತ್ತದೆ? ಅದು ಅಕ್ಕಿಯ ಸೀಮಾಂತ ತುಷ್ಟಿಗುಣ. `U` ಅನ್ನು `x` ಗೆ ಮಾತ್ರ ಡಿಫರೆನ್ಷಿಯೇಟ್ ಮಾಡಬೇಕು, `y` ಒಂದು ಸ್ಥಿರ ಸಂಖ್ಯೆ ಅಂತ ನೋಡಬೇಕು. ಘಾತ ಕೆಳಗಿಳಿದು ಮುಂದೆ ಬರುತ್ತದೆ, ಮೇಲೆ ಒಂದು ಕಡಿಮೆಯಾಗುತ್ತದೆ.

```
MUx = 0.4 · x^(-0.6) · y^0.2
MUy = 0.2 · x^0.4 · y^(-0.8)
```

ಇಷ್ಟು ನೋಡಿದರೆ ಭಯವಾಗುತ್ತದೆ, ಆದರೆ ಇದನ್ನು ಇನ್ನೊಂದು ರೀತಿ ಬರೆಯಬಹುದು. `x^(-0.6)` ಅಂದರೆ `x^0.4` ಅನ್ನು `x` ನಿಂದ ಭಾಗಿಸಿದ್ದು, ಅಲ್ವಾ? ಹಾಗಾಗಿ ಮೊದಲ ಸಾಲಿನಲ್ಲಿ ಇಡೀ `U` ಒಳಗೇ ಕೂತಿದೆ. ಎರಡನೆಯದರಲ್ಲೂ ಹಾಗೆಯೇ.

```
MUx = 0.4 · U / x
MUy = 0.2 · U / y
```

ಈ ಒಂದು ಹೆಜ್ಜೆಯನ್ನು ಕ್ಲಾಸಿನಲ್ಲಿ ಯಾಕೆ ಬಿಟ್ಟುಬಿಡುತ್ತಾರೋ ನನಗೆ ತಿಳಿಯದು. ಇದು ಬಂದರೆ ಋಣ ಘಾತಗಳ ಜೊತೆ ಗುದ್ದಾಡುವ ಕೆಲಸವೇ ಇಲ್ಲ. ಪರೀಕ್ಷೆಯಲ್ಲಿ ತಪ್ಪುವುದು ಹೆಚ್ಚಾಗಿ ಅದೇ ಋಣ ಘಾತಗಳಲ್ಲಿ.

36 ಮತ್ತು 6ರ ಬುಟ್ಟಿಯಲ್ಲಿ `U` 6. ಅಕ್ಕಿಯ ಸೀಮಾಂತ ತುಷ್ಟಿಗುಣ 2.4ನ್ನು 36ರಿಂದ ಭಾಗಿಸಿದಷ್ಟು, ಅಂದರೆ ಕಿಲೋಗೆ 0.0667. ಮೀನಿನದು 1.2ನ್ನು 6ರಿಂದ ಭಾಗಿಸಿದಷ್ಟು, ಕಿಲೋಗೆ 0.2. ಇಲ್ಲಿ ಹುಡುಗಿ ತಟ್ಟನೆ, "ಮೀನಿಂದ ಜಾಸ್ತಿ ಸಿಗ್ತದೆ, ಹಾಗಾದ್ರೆ ಮೀನು ಜಾಸ್ತಿ ತಗೊಳ್ಬೇಕು" ಅಂದಳು. ಬಹಳ ಜನ ಹೀಗೇ ಯೋಚಿಸುತ್ತಾರೆ. ಆದರೆ ಒಂದು ಕಿಲೋ ಮೀನಿನ ದುಡ್ಡಿಗೆ ನಾಲ್ಕು ಕಿಲೋ ಅಕ್ಕಿ ಬರುತ್ತದೆ. ಕಿಲೋಗೆ ಕಿಲೋ ಹೋಲಿಸಿ ಪ್ರಯೋಜನ ಇಲ್ಲ, ರೂಪಾಯಿಗೆ ರೂಪಾಯಿ ಹೋಲಿಸಬೇಕು. ಅಕ್ಕಿಯ 0.0667ನ್ನು 50ರಿಂದ ಭಾಗಿಸಿದರೆ ರೂಪಾಯಿಗೆ 0.00133. ಮೀನಿನ 0.2ನ್ನು 200ರಿಂದ ಭಾಗಿಸಿದರೆ ರೂಪಾಯಿಗೆ 0.001. ಈ ಬುಟ್ಟಿಯಲ್ಲಿ ಅಕ್ಕಿಗೆ ಹಾಕಿದ ರೂಪಾಯಿಯೇ ಹೆಚ್ಚು ಕೆಲಸ ಮಾಡುತ್ತಿದೆ. ಹಾಗಾಗಿ ಮೀನಿನಿಂದ ಒಂದಿಷ್ಟು ರೂಪಾಯಿ ತೆಗೆದು ಅಕ್ಕಿಗೆ ಹಾಕಬೇಕು.

44 ಮತ್ತು 4ರ ಹತ್ತಿರ ಇದೇ ಲೆಕ್ಕ ಮಾಡಿದರೆ ತಿರುವುಮುರುವಾಗುತ್ತದೆ. ಅಕ್ಕಿಯ ರೂಪಾಯಿಗೆ ಸುಮಾರು 0.0011, ಮೀನಿನ ರೂಪಾಯಿಗೆ 0.0015. ಅಲ್ಲಿ ಮೀನಿನ ಕಡೆಗೆ ಬರಬೇಕು. ಎರಡೂ ಕಡೆಯ ರೂಪಾಯಿ ಒಂದೇ ಸಮನಾಗಿ ಕೆಲಸ ಮಾಡುವಲ್ಲಿ ಮಾತ್ರ ಅತ್ತಿತ್ತ ಸಾಗಿಸಲು ಕಾರಣ ಉಳಿಯುವುದಿಲ್ಲ. ಆ ಜಾಗವೇ ತುದಿ.

ಲಗ್ರಾಂಜ್ ವಿಧಾನ ಹೇಳುವುದು ಇದನ್ನೇ, ಬೇರೆ ಏನೂ ಅಲ್ಲ. ಲಗ್ರಾಂಜ್ 1736ರಲ್ಲಿ ಟ್ಯೂರಿನ್‌ನಲ್ಲಿ ಹುಟ್ಟಿದ ಗಣಿತಜ್ಞ, ಅವನು ಇದನ್ನು ಬಳಸಿದ್ದು ಬಲ ಮತ್ತು ಚಲನೆಯ ಲೆಕ್ಕಗಳಿಗೆ. ಷರತ್ತು ಇರುವ ಪ್ರಶ್ನೆಯನ್ನು ಷರತ್ತು ಇಲ್ಲದ ಪ್ರಶ್ನೆಯ ಹಾಗೆ ಬಿಡಿಸುವುದು ಇದರ ಉಪಾಯ. ಜೇಬಿನಲ್ಲಿ ಉಳಿದ ಪ್ರತಿ ರೂಪಾಯಿಗೂ λ ಅನ್ನುವ ಒಂದು ಬೆಲೆ ಕಟ್ಟಿ, ಅದನ್ನು ತೃಪ್ತಿಯ ಜೊತೆಗೇ ಸೇರಿಸಿಬಿಡುವುದು.

```
L = x^0.4 · y^0.2 + λ(3000 - 50x - 200y)
```

ಇದನ್ನು `x` ಗೆ, `y` ಗೆ, λ ಗೆ ಬೇರೆ ಬೇರೆಯಾಗಿ ಡಿಫರೆನ್ಷಿಯೇಟ್ ಮಾಡಿ ಮೂರನ್ನೂ ಸೊನ್ನೆಗೆ ಸಮ ಮಾಡಬೇಕು.

```
0.4 · U / x = 50λ
0.2 · U / y = 200λ
50x + 200y = 3000
```

ಮೂರು ಸಮೀಕರಣ, ಗೊತ್ತಿಲ್ಲದ್ದೂ ಮೂರು. ಮೊದಲ ಎರಡರಲ್ಲಿ ಬೆಲೆಯನ್ನು ಎಡಕ್ಕೆ ತಂದು ನೋಡಿ. ಎರಡೂ ರೂಪಾಯಿಗೆ ಸಿಗುವ ತೃಪ್ತಿಯೇ, ಎರಡೂ λ ಗೆ ಸಮ. ನಾವು ಕ್ಯಾಲ್ಕುಲೇಟರ್ ಹಿಡಿದು ಕಂಡುಕೊಂಡ ಮಾತನ್ನೇ ಇಲ್ಲಿ ಅಕ್ಷರದಲ್ಲಿ ಬರೆದಿದ್ದಾರೆ.

ಈಗ ಬಿಡಿಸುವುದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ `U` ಹೋಯಿತು, λ ಕೂಡ ಹೋಯಿತು.

```
(0.4 / x) · (y / 0.2) = 50 / 200
2y / x = 1/4
x = 8y
```

ಇಲ್ಲಿ ಒಂದು ಕಡೆ ಕೈ ತಪ್ಪುತ್ತದೆ. ಎಡಗಡೆ `y` ಮೇಲೆ, `x` ಕೆಳಗೆ. ಬಲಗಡೆ ಮಾತ್ರ `x` ನ ಬೆಲೆ ಮೇಲೆ, `y` ನ ಬೆಲೆ ಕೆಳಗೆ. ಎರಡೂ ಕಡೆ ಒಂದೇ ರೀತಿ ಇರಬೇಕು ಅಂತ ತಿಳಿದು ತಿರುಗಿಸಿ ಬರೆಯುವವರು ತುಂಬಾ ಜನ. ಎಡಗಡೆ ಅಕ್ಕಿಯ ಸೀಮಾಂತ ತುಷ್ಟಿಗುಣವನ್ನು ಮೀನಿನದರಿಂದ ಭಾಗಿಸಿದ್ದು, ಅಕ್ಕಿ ಜಾಸ್ತಿಯಾದಷ್ಟೂ ಅದರ ಸೀಮಾಂತ ತುಷ್ಟಿಗುಣ ಕಡಿಮೆಯಾಗುತ್ತದೆ, ಹಾಗಾಗಿ `x` ಕೆಳಗೇ ಇರಬೇಕು. ಅನುಮಾನ ಬಂದರೆ ಇಷ್ಟು ನೆನಪು ಮಾಡಿಕೊಂಡರೆ ಸಾಕು.

`x = 8y` ಅನ್ನು ಬಜೆಟ್‌ಗೆ ಹಾಕಿ. 400y ಮತ್ತು 200y ಕೂಡಿ 600y, ಅದು 3000. ಹಾಗಾಗಿ `y` 5, `x` 40. ಅಕ್ಕಿಗೆ 2000 ರೂಪಾಯಿ, ಮೀನಿಗೆ 1000. ಹಣ ಪೂರ್ತಿ ಮುಗಿಯಿತು.

ಈಗ ಹುಡುಗಿ ಎಲ್ಲಿ ತಪ್ಪಿದ್ದಳು ಅಂತ ಕಾಣುತ್ತದೆ. ಖರ್ಚು 2000 ಮತ್ತು 1000, ಅಂದರೆ ಎರಡಕ್ಕೆ ಒಂದು. ಘಾತಗಳು 0.4 ಮತ್ತು 0.2, ಅವೂ ಎರಡಕ್ಕೆ ಒಂದು. ಘಾತ ಹೇಳುವುದು ಖರ್ಚಿನ ಅನುಪಾತವನ್ನು, ನೇರವಾಗಿ ಪಾಲನ್ನಲ್ಲ. ಪಾಲು ಬೇಕಾದರೆ ಎರಡೂ ಘಾತಗಳ ಮೊತ್ತದಿಂದ ಭಾಗಿಸಬೇಕು. 0.4ನ್ನು 0.6ರಿಂದ ಭಾಗಿಸಿದರೆ ಮೂರರಲ್ಲಿ ಎರಡು ಪಾಲು, ಅದು ಅಕ್ಕಿಗೆ. ಉಳಿದ ಒಂದು ಪಾಲು ಮೀನಿಗೆ. ಕಾಲೇಜಿನ ಉದಾಹರಣೆಗಳಲ್ಲಿ ಘಾತಗಳ ಮೊತ್ತ ಸಾಮಾನ್ಯವಾಗಿ 1 ಇರುತ್ತದೆ, 0.7 ಮತ್ತು 0.3, ಅರ್ಧ ಮತ್ತು ಅರ್ಧ ಅಂತ. ಆಗ 1ರಿಂದ ಭಾಗಿಸಿದರೂ ಬಿಟ್ಟರೂ ಒಂದೇ, ಭಾಗಿಸಬೇಕು ಅನ್ನುವುದೇ ಮರೆತುಹೋಗುತ್ತದೆ. ಅವಳಿಗೂ ಆದದ್ದು ಅದೇ.

ಅಕ್ಷರದಲ್ಲಿ ಬರೆದರೆ, ಘಾತಗಳು `a` ಮತ್ತು `b`, ಬೆಲೆಗಳು `p` ಮತ್ತು `q`, ಹಣ `M` ಆದಾಗ:

```
x = (a / (a+b)) · M / p
y = (b / (a+b)) · M / q
```

ಇವೇ ಬೇಡಿಕೆಯ ಸೂತ್ರಗಳು. ಓದುವ ರೀತಿ ಹೀಗೆ: ಮೊದಲು ಹಣವನ್ನು ಪಾಲು ಮಾಡು, ಆಮೇಲೆ ಆ ಪಾಲಿಗೆ ಎಷ್ಟು ಕಿಲೋ ಬರುತ್ತದೋ ಅಷ್ಟು ಕೊಳ್ಳು. ಈ ರೂಪದ ಫಂಕ್ಷನ್‌ಗೆ ಕಾಬ್-ಡಗ್ಲಾಸ್ ಅಂತ ಹೆಸರು. ಚಾರ್ಲ್ಸ್ ಕಾಬ್ ಗಣಿತದವರು, ಪಾಲ್ ಡಗ್ಲಾಸ್ ಅರ್ಥಶಾಸ್ತ್ರದವರು, ಮುಂದೆ ಅಮೆರಿಕದ ಸೆನೆಟರ್ ಕೂಡ ಆದರು. 1928ರಲ್ಲಿ ಇಬ್ಬರೂ ಸೇರಿ ಅಲ್ಲಿನ ಕಾರ್ಖಾನೆಗಳ ಉತ್ಪಾದನೆಯಲ್ಲಿ ದುಡಿಮೆಗೆ ಎಷ್ಟು ಪಾಲು, ಬಂಡವಾಳಕ್ಕೆ ಎಷ್ಟು ಪಾಲು ಅಂತ ನೋಡಲು ಇದನ್ನು ಬಳಸಿದರು. ಅಂದರೆ ಈ ರೂಪ ಹೆಸರು ಮಾಡಿದ್ದು ಉತ್ಪಾದನೆಯ ಲೆಕ್ಕದಲ್ಲಿ. ಮನೆಯ ಖರ್ಚಿನ ಲೆಕ್ಕಕ್ಕೂ ಅದೇ ರೂಪ ಹೊಂದಿತು, ಯಾಕೆಂದರೆ ಅದು ಪಾಲನ್ನು ಇಷ್ಟು ಸುಲಭವಾಗಿ ಹೊರಗೆ ಕೊಡುತ್ತದೆ.

λ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಅದನ್ನು ಹೊಡೆದುಹಾಕುವುದು ಎಲ್ಲರಿಗೂ ಗೊತ್ತು, ಅದು ಏನು ಅಂತ ಕೇಳಿದರೆ ಸುಮ್ಮನಾಗುತ್ತಾರೆ. ತುದಿಯಲ್ಲಿ `U` 6.034. ಅಕ್ಕಿಯ ಸಮೀಕರಣದಿಂದ λ ಅಂದರೆ 0.4ನ್ನು 6.034ರಿಂದ ಗುಣಿಸಿ 2000ದಿಂದ ಭಾಗಿಸಿದ್ದು, ಸುಮಾರು 0.0012. ಕೈಗೆ ಇನ್ನೊಂದು ರೂಪಾಯಿ ಬಂದರೆ ತೃಪ್ತಿ ಇಷ್ಟು ಏರುತ್ತದೆ ಅಂತ ಅರ್ಥ. ಪರೀಕ್ಷೆ ಮಾಡಿ ನೋಡಿದೆವು. ಹಣ 3100 ಆದರೆ ಸೂತ್ರದಿಂದ ಹೊಸ ಬುಟ್ಟಿ ತೆಗೆದಾಗ `U` 6.154. ಏರಿದ್ದು 0.12. 100 ರೂಪಾಯಿಗೆ 0.0012ರಂತೆ ಲೆಕ್ಕ ಹಾಕಿದರೂ 0.12. ದಶಾಂಶದಲ್ಲಿ ಇನ್ನೂ ಮುಂದಕ್ಕೆ ಹೋದರೆ ಚೂರು ವ್ಯತ್ಯಾಸ ಕಾಣುತ್ತದೆ, ಯಾಕೆಂದರೆ ಹಣ ಏರಿದ ಹಾಗೆ λ ತಾನೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ.

ಇನ್ನೊಂದು ದಾರಿಯೂ ಉಂಟು, ನನಗೆ ಇದೇ ಇಷ್ಟ. `U` ನ ಬದಲು ಅದರ ಲಾಗ್ ತೆಗೆದುಕೊಂಡು ಗರಿಷ್ಠ ಮಾಡುವುದು. `U` ಎಲ್ಲಿ ಅತಿ ಹೆಚ್ಚೋ ಅದರ ಲಾಗ್ ಕೂಡ ಅಲ್ಲೇ ಅತಿ ಹೆಚ್ಚು. ಹಾಗಾಗಿ ಬುಟ್ಟಿ ಬದಲಾಗುವುದಿಲ್ಲ, ಆದರೆ ಗುಣಾಕಾರ ಕೂಡಿಸುವಿಕೆ ಆಗುತ್ತದೆ, ಘಾತ ಕೆಳಗಿಳಿಯುತ್ತದೆ.

```
ln U = 0.4 ln x + 0.2 ln y
0.4 / x = 50λ    →  50x = 0.4 / λ
0.2 / y = 200λ   →  200y = 0.2 / λ
```

ಎರಡೂ ಖರ್ಚುಗಳನ್ನು ಕೂಡಿಸಿದರೆ 3000, ಬಲಗಡೆ 0.6/λ. ಹಾಗಾಗಿ λ 0.0002, ಅಕ್ಕಿಯ ಖರ್ಚು 2000, ಮೀನಿನದು 1000. ಮೂರು ಸಾಲಿನಲ್ಲಿ ಮುಗಿಯಿತು. ಆದರೆ λ ಬೇರೆ ಬಂತು ನೋಡಿ! ಮೊದಲು 0.0012, ಈಗ 0.0002. ಹುಡುಗಿ ಇಲ್ಲಿ ಗಾಬರಿಯಾದಳು. ತಪ್ಪಿಲ್ಲ. λ ಅನ್ನುವುದು ತೃಪ್ತಿಯನ್ನು ಯಾವ ಅಳತೆಯಲ್ಲಿ ಅಳೆಯುತ್ತೇವೆ ಅನ್ನುವುದರ ಮೇಲೆ ನಿಂತಿದೆ. ನಾವು ಅಳತೆಗೋಲು ಬದಲಿಸಿದೆವು, ಅದು ಬದಲಾಯಿತು. ತೃಪ್ತಿಗೆ ಸೇರು, ಕಿಲೋ ಅಂತ ಏನೂ ಇಲ್ಲ. ಯಾವ ಬುಟ್ಟಿ ಯಾವುದಕ್ಕಿಂತ ಮೇಲು ಅನ್ನುವುದು ಮಾತ್ರ ನಿಜವಾದ ಮಾಹಿತಿ. ಅದು ಬದಲಾಗಲಿಲ್ಲ, ಹಾಗಾಗಿ 40 ಮತ್ತು 5 ಕೂಡ ಬದಲಾಗಲಿಲ್ಲ. ಲಾಗ್ ದಾರಿ ಹಿಡಿದವರು λ ಕೇಳಿದರೆ ಮಾತ್ರ ಹುಷಾರಾಗಿರಬೇಕು, ಮೂಲ `U` ಗೆ ಬೇಕಾದ λ ಸಿಗಲು ಇದನ್ನು `U` ನಿಂದ ಗುಣಿಸಬೇಕು. 0.0002ನ್ನು 6.034ರಿಂದ ಗುಣಿಸಿದರೆ ಹಳೆಯ 0.0012 ವಾಪಸ್ ಬರುತ್ತದೆ.

ಸೊನ್ನೆಗೆ ಸಮ ಮಾಡಿದ ಮಾತ್ರಕ್ಕೆ ಅದು ಗರಿಷ್ಠ ಅಂತ ಹೇಗೆ ನಂಬುವುದು, ಕನಿಷ್ಠವೂ ಆಗಬಹುದಲ್ಲ ಅಂತ ಕೇಳುವವರು ಇರುತ್ತಾರೆ, ಕೇಳಬೇಕು ಕೂಡ. ಈ ಫಂಕ್ಷನ್‌ನಲ್ಲಿ ಅದಕ್ಕೆ ಸುಲಭದ ಉತ್ತರ ಇದೆ. ಬಜೆಟ್ ರೇಖೆಯ ಎರಡು ಕೊನೆಗಳಲ್ಲಿ ಏನಾಗುತ್ತದೆ? ಬರೀ ಅಕ್ಕಿ 60 ಕಿಲೋ, ಮೀನು ಸೊನ್ನೆ: `U` ಸೊನ್ನೆ. ಬರೀ ಮೀನು 15 ಕಿಲೋ, ಅಕ್ಕಿ ಸೊನ್ನೆ: ಆಗಲೂ ಸೊನ್ನೆ. ಎರಡೂ ಕೊನೆಯಲ್ಲಿ ಸೊನ್ನೆ, ನಡುವೆ ಎಲ್ಲ ಕಡೆ ಸೊನ್ನೆಗಿಂತ ಹೆಚ್ಚು, ಸಮತಟ್ಟಾಗುವ ಜಾಗ ಒಂದೇ ಒಂದು. ಅದು ತುದಿಯೇ ಆಗಿರಬೇಕು.

ಆದರೆ ಇದೇ ಮಾತಿನಲ್ಲಿ ಈ ಫಂಕ್ಷನ್‌ನ ಒಂದು ಮಿತಿಯೂ ಇದೆ. ಮೀನು ಸೊನ್ನೆಯಾದರೆ ತೃಪ್ತಿಯೇ ಸೊನ್ನೆ ಅಂತ ಅದು ಹೇಳುತ್ತದೆ. ಬದಿಯಡ್ಕ, ನೀರ್ಚಾಲು ಕಡೆಯ ಹವ್ಯಕರ ಮನೆಗಳಿಗೆ ಹೋಗಿ ನೋಡಿ, ಅಡಿಗೆಮನೆಗೆ ಮೀನು ಬರುವುದೇ ಇಲ್ಲ, ಗಂಜಿ ಉಪ್ಪಿನಕಾಯಿ ತಿಂದು ಅವರು ಚೆನ್ನಾಗಿಯೇ ಇದ್ದಾರೆ. ಅಂಥ ಮನೆಗೆ ಮೀನಿನ ಘಾತವನ್ನೇ ಸೊನ್ನೆ ಮಾಡಬೇಕು. "ಬೆಲೆ ಇಳಿದರೆ ತರುತ್ತೇವೆ, ಏರಿದರೆ ಪೂರ್ತಿ ಬಿಡುತ್ತೇವೆ" ಅನ್ನುವ ಮನೆಯನ್ನಂತೂ ಈ ಸೂತ್ರದಲ್ಲಿ ಕೂರಿಸಲು ಸಾಧ್ಯವೇ ಇಲ್ಲ. ಬೆಲೆ ಎಷ್ಟೇ ಏರಲಿ, ಇದು ಒಂದಿಷ್ಟು ಮೀನು ಕೊಂಡೇ ಕೊಳ್ಳುತ್ತದೆ.

ಬೆಲೆ ಏರುವ ಮಾತು ಬಂದ ಮೇಲೆ ಮಳೆಗಾಲ ಬಿಡಲು ಆಗುವುದಿಲ್ಲ. ಕೇರಳದಲ್ಲಿ ಜೂನ್‌ನಿಂದ ಜುಲೈ ಕೊನೆಯವರೆಗೆ 52 ದಿನ ಟ್ರಾಲಿಂಗ್ ನಿಷೇಧ. ದೊಡ್ಡ ಬೋಟುಗಳು ದಡದಲ್ಲಿ, ಮೀನು ಕಡಿಮೆ, ಬೆಲೆ ಏರುತ್ತದೆ. ನಮ್ಮ ಲೆಕ್ಕದಲ್ಲಿ 200 ಇದ್ದದ್ದು 400 ಆಯಿತು ಅಂತ ಇಟ್ಟುಕೊಳ್ಳೋಣ. ಮೀನಿನ ಪಾಲು ಅದೇ 1000 ರೂಪಾಯಿ, ಹಾಗಾಗಿ ಎರಡೂವರೆ ಕಿಲೋ. ಬೆಲೆ ಎರಡು ಪಟ್ಟು, ಕಿಲೋ ಅರ್ಧ. ಅಕ್ಕಿ? ಅದೇ 2000 ರೂಪಾಯಿ, ಅದೇ 40 ಕಿಲೋ. ಅಕ್ಕಿಯ ಸೂತ್ರವನ್ನು ಇನ್ನೊಮ್ಮೆ ನೋಡಿ, ಅದರಲ್ಲಿ ಮೀನಿನ ಬೆಲೆ `q` ಇಲ್ಲವೇ ಇಲ್ಲ. ಮೀನಿಗೆ ಚಿನ್ನದ ಬೆಲೆ ಬಂದರೂ ಈ ಮನೆ ಒಂದು ಹಿಡಿ ಅಕ್ಕಿಯನ್ನೂ ಹೆಚ್ಚು ಕಡಿಮೆ ಮಾಡುವುದಿಲ್ಲ.

ಇದು ಎಲ್ಲ ಘಾತ ರೂಪಕ್ಕೂ ಬರುವ ಗುಣ ಅಂತ ತಿಳಿಯಬೇಡಿ. ಗುಣಿಸಿದ ರೂಪಕ್ಕೆ ಮಾತ್ರ. ಪ್ರಶ್ನೆಪತ್ರಿಕೆಯಲ್ಲಿ ಗುಣಾಕಾರದ ಜಾಗದಲ್ಲಿ ಒಂದು ಕೂಡಿಸುವ ಚಿಹ್ನೆ ಇಟ್ಟರೆ ಇಡೀ ಲೆಕ್ಕವೇ ಬೇರೆ. `U = x^0.5 + y^0.5` ಅಂತ ಕೊಟ್ಟರೆ ಘಾತ ಸಮ ಇದೆ ಅಂತ ಅರ್ಧ ಅರ್ಧ ಪಾಲು ಮಾಡಿಬಿಡುತ್ತಾರೆ. ಅದು ತಪ್ಪು. ಮತ್ತೆ ಮೊದಲಿನಿಂದ ಡಿಫರೆನ್ಷಿಯೇಟ್ ಮಾಡಬೇಕು.

```
(y / x)^0.5 = 50 / 200
y = x / 16
50x + 200x/16 = 62.5x = 3000
x = 48,  y = 3
```

ಅಕ್ಕಿಗೆ 2400, ಮೀನಿಗೆ 600. ಅರ್ಧ ಅರ್ಧ ಅಲ್ಲ. ಈಗ ಮೀನಿನ ಬೆಲೆ 400 ಮಾಡಿ. `y` ಅನ್ನುವುದು `x` ನ 64ರಲ್ಲಿ ಒಂದು ಪಾಲು ಆಗುತ್ತದೆ, ಅಕ್ಕಿ 53 ಕಿಲೋ ದಾಟುತ್ತದೆ, ಮೀನು ಒಂದು ಕಿಲೋಗೂ ಕಡಿಮೆ, ಸುಮಾರು 0.83. ಮೀನಿನ ಖರ್ಚು 600ರಿಂದ 333ಕ್ಕೆ ಇಳಿಯಿತು. ಈ ಮನೆಯವರು ಬೆಲೆ ಏರಿದಾಗ ಮೀನು ಬಿಟ್ಟು ಅಕ್ಕಿಯ ಕಡೆ ವಾಲುತ್ತಾರೆ. ಗುಣಿಸಿದ ರೂಪದ ಮನೆಯವರು ಪಾಲನ್ನು ಬಿಡುವುದಿಲ್ಲ, ಕಿಲೋ ಮಾತ್ರ ಬಿಡುತ್ತಾರೆ.

ಯಾವ ಮನೆ ಯಾವ ರೂಪ ಅಂತ ತಿಳಿಯಲು ಹಾಗಾದರೆ ಒಂದು ದಾರಿ ಇದೆ. ಬೆಲೆ ಬದಲಾದ ಎರಡು ತಿಂಗಳ ಖರ್ಚನ್ನು ಹೋಲಿಸುವುದು, ಕಿಲೋವನ್ನಲ್ಲ, ರೂಪಾಯಿಯನ್ನು. ರೂಪಾಯಿ ಹೆಚ್ಚುಕಡಿಮೆ ಅಷ್ಟೇ ಉಳಿದಿದ್ದರೆ ಗುಣಿಸಿದ ರೂಪ ಹೊಂದುತ್ತದೆ. ಬೆಲೆ ಏರಿದಾಗ ರೂಪಾಯಿ ಇಳಿದಿದ್ದರೆ ಹೊಂದುವುದಿಲ್ಲ. ಹಣ ಬದಲಾದ ತಿಂಗಳುಗಳಿಗೂ ಇದೇ ಪರೀಕ್ಷೆ: ಈ ಸೂತ್ರದಲ್ಲಿ ಬಡವನಾದರೂ ಶ್ರೀಮಂತನಾದರೂ ಪಾಲು ಮಾತ್ರ ಒಂದೇ. ಸಂಸಾರದ ವರಮಾನ ಏರಿದ ಹಾಗೆ ಖರ್ಚಿನಲ್ಲಿ ಊಟದ ಪಾಲು ಇಳಿಯುತ್ತದೆ ಅಂತ ಜರ್ಮನಿಯ ಅರ್ನ್‌ಸ್ಟ್ ಎಂಗೆಲ್ 1857ರಲ್ಲೇ ಮನೆಗಳ ಖರ್ಚಿನ ಲೆಕ್ಕ ನೋಡಿ ಹೇಳಿದ್ದರು. ಹಾಗಾಗಿ ಹಣ ಸ್ವಲ್ಪ ಅತ್ತಿತ್ತ ಆಗುವ ಮಟ್ಟಿಗೆ ಮಾತ್ರ ಈ ಸೂತ್ರವನ್ನು ನಂಬಬಹುದು, ಸಂಬಳ ಮೂರು ಪಟ್ಟಾದ ಮನೆಗೆ ಹಳೆಯ ಘಾತಗಳನ್ನೇ ಹಾಕಬಾರದು.

ಮರುದಿನ ಹುಡುಗಿ ಅವಳ ಅಮ್ಮ ಬರೆದಿಟ್ಟ ಲೆಕ್ಕದ ಪುಸ್ತಕವನ್ನೇ ತಂದಳು. ಕಳೆದ ವರ್ಷದ ಮೇ ತಿಂಗಳು ಮತ್ತು ಜುಲೈ ತಿಂಗಳು ಪಕ್ಕಪಕ್ಕ ಇಟ್ಟು ನೋಡಿದೆವು. ಅಕ್ಕಿಯ ಸಾಲು ಹತ್ತಿಪ್ಪತ್ತು ರೂಪಾಯಿ ಬಿಟ್ಟರೆ ಒಂದೇ. ಸೂತ್ರ ಹೇಳಿದ ಹಾಗೆಯೇ. ಹಸಿ ಮೀನಿನ ಸಾಲು ಮಾತ್ರ ಅರ್ಧಕ್ಕೂ ಕೆಳಗೆ ಇಳಿದಿತ್ತು. "ಹಾಗಾದ್ರೆ ಹೊಂದುದಿಲ್ಲ, ಅಲ್ವಾ ಮಾಷ್ಟ್ರೇ?" ಅಂದಳು. ಅಕ್ಕಿ ಬದಲಾಗಿಲ್ಲ, ಮೀನಿನ ಹಣ ಇಳಿದಿದೆ, ಹಾಗಾದರೆ ಉಳಿದ ದುಡ್ಡು ಎಲ್ಲಿಗೆ ಹೋಯಿತು? ಅದೇ ಹಳೆಯ ಪ್ರಶ್ನೆ. ಅವಳೇ ಪುಟ ತಿರುಗಿಸಿ ಕೆಳಗಿನ ಸಾಲಿಗೆ ಬೆರಳಿಟ್ಟಳು: ಒಣಮೀನು. ಮೇ ತಿಂಗಳಲ್ಲಿ ಆ ಸಾಲೇ ಇರಲಿಲ್ಲ. ಹಸಿ ಮೀನು ಮತ್ತು ಒಣಮೀನು ಎರಡನ್ನೂ ಕೂಡಿಸಿದಾಗ ಮೊತ್ತ ಮೇ ತಿಂಗಳ ಹತ್ತಿರ ಹತ್ತಿರಕ್ಕೆ ಬಂತು. ಅಕ್ಕಿ ಒಂದು ಕಡೆ, ಎರಡೂ ಬಗೆಯ ಮೀನು ಸೇರಿ ಇನ್ನೊಂದು ಕಡೆ ಅಂತ ಇಟ್ಟರೆ ಆ ಮನೆಗೆ ಗುಣಿಸಿದ ರೂಪ ಹೊಂದುತ್ತದೆ. ಮೀನಿನ ಪಾಲಿನ ಒಳಗೆ ಹಸಿಯೋ ಒಣಗಿದ್ದೋ ಅನ್ನುವಲ್ಲಿಗೆ ಮಾತ್ರ ಕೂಡಿಸಿದ ರೂಪ ಬೇಕು, ಅಲ್ಲಿ ಒಂದರ ಬೆಲೆ ಏರಿದರೆ ಇನ್ನೊಂದಕ್ಕೆ ಹೋಗುತ್ತಾರೆ. ಆ ಎರಡು ಅಂತಸ್ತಿನ ಲೆಕ್ಕವನ್ನು ಅವಳೇ ಕೂತು ಬರೆಯಲು ಶುರು ಮಾಡಿದಳು, ಮೊದಲ ಸಾಲಿನಲ್ಲಿ λ ಇಟ್ಟುಕೊಂಡು.